ವ್ಯಾಲ್ಯೂ ಇನ್ವೆಸ್ಟಿಂಗ್ ಪಿಚ್‌ನಲ್ಲಿ ಏನೇನಿರಬೇಕು?

ಪ್ರಶ್ನೆ: ನಮ್ಮದು ಪಿಎಂಎಸ್, ಅಂದರೆ ಹೂಡಿಕೆದಾರರ ಪರವಾಗಿ ಅವರ ಷೇರು ಹೂಡಿಕೆ ನೋಡಿಕೊಳ್ಳೋ ಸೇವೆ. ನಿಜ ಮೌಲ್ಯಕ್ಕಿಂತ ಅಗ್ಗವಾಗಿ ಸಿಗೋ ಷೇರು ಕೊಳ್ಳೋ ವ್ಯಾಲ್ಯೂ ಇನ್ವೆಸ್ಟಿಂಗ್ ವಿಧಾನವನ್ನು ಹೊಸ ಹೂಡಿಕೆದಾರರಿಗೆ ವಿವರಿಸೋ ಪ್ರೆಸೆಂಟೇಶನ್ ಹೇಗೆ ಜೋಡಿಸಲಿ?

ಉತ್ತರ: ಹತ್ತು ಸ್ಲೈಡ್ ಸಾಕು. ಮೊದಲನೆಯದರಲ್ಲೇ ಎಂಥ ಕಂಪನಿ ಕೊಳ್ಳುತ್ತೀರಿ, ಎಂಥದ್ದನ್ನು ಮುಟ್ಟುವುದಿಲ್ಲ ಎಂದು ಹೇಳಿಬಿಡಿ. ಜಿಡಿಪಿ ಚಾರ್ಟು ಬೇಡ, ಅದು ನಿಮ್ಮ ವಿಧಾನದ ಬಗ್ಗೆ ಏನೂ ಹೇಳುವುದಿಲ್ಲ.

ಆಮೇಲಿನ ನಾಲ್ಕು ಸ್ಲೈಡ್ ಒಂದೇ ಲೆಕ್ಕಕ್ಕೆ ಮೀಸಲಿಡಿ. ಒಂದು ಸಿಮೆಂಟ್ ಕಂಪನಿಯ ಮಾರುಕಟ್ಟೆ ಮೌಲ್ಯ 600 ಕೋಟಿ, ಸಾಲವಿಲ್ಲ, ನಗದು 150 ಕೋಟಿ, ಕಳೆದ ವರ್ಷದ ಲಾಭ 75 ಕೋಟಿ ಎಂದುಕೊಳ್ಳಿ. ಲಾಭಕ್ಕೆ 12 ಪಟ್ಟು ಕಟ್ಟಿ ನಗದು ಸೇರಿಸಿದರೆ 1,050 ಕೋಟಿ. ಭಾರೀ ಅಗ್ಗ ಅನ್ನಿಸುತ್ತದೆ. ಆದರೆ ಸಿಮೆಂಟ್ ಬೆಲೆ ಏರಿಳಿಯುವಂಥದ್ದು; ಹತ್ತು ವರ್ಷದ ಸರಾಸರಿ ಲಾಭ 40 ಕೋಟಿಯಷ್ಟೇ ಇದ್ದರೆ ಮೌಲ್ಯ 630 ಕೋಟಿಗೆ ಇಳಿಯುತ್ತದೆ, ಅಂದರೆ ಬೆಲೆ ಮೌಲ್ಯಕ್ಕಿಂತ ಎಷ್ಟು ಕೆಳಗಿದೆ ಎನ್ನುವ ಸುರಕ್ಷತೆಯ ಅಂತರ ಸುಮಾರು 5%. ಇದನ್ನು ಕೊಳ್ಳದೆ ಬಿಡುತ್ತೀರಿ ಎಂದು ತೋರಿಸಿ. ಗೆದ್ದ ಷೇರುಗಳ ಪಟ್ಟಿಗಿಂತ ಈ ಒಂದು ನಿರಾಕರಣೆ ನಿಮ್ಮ ಶಿಸ್ತನ್ನು ಚೆನ್ನಾಗಿ ಸಾಬೀತು ಮಾಡುತ್ತದೆ.

ನಂತರ ಮಾರುವ ನಿಯಮ, ಒಂದು ಷೇರಿಗೆ ಗರಿಷ್ಠ ಪಾಲು, ಶುಲ್ಕ. ಗಳಿಕೆಯನ್ನು ಮಾರುಕಟ್ಟೆ ನಿಯಂತ್ರಕ ಸೆಬಿ ಹೇಳಿದಂತೆ, ಹೂಡಿಕೆದಾರರು ಹಣ ಹಾಕಿದ-ತೆಗೆದ ಪರಿಣಾಮ ಬಿಟ್ಟು ಗಳಿಕೆ ಅಳೆಯುವ ಟಿಡಬ್ಲ್ಯುಆರ್‌ಆರ್ ಲೆಕ್ಕದಲ್ಲಿ, ಶುಲ್ಕ ಮತ್ತು ಖರ್ಚು ಕಳೆದೇ ತೋರಿಸಿ. ಖಾತರಿ ಲಾಭದ ಮಾತು ಎಲ್ಲೂ ಬರಕೂಡದು.

ಸೂಚ್ಯಂಕಕ್ಕಿಂತ ಹಿಂದುಳಿದ ವರ್ಷಗಳಿಗೆ ಪ್ರತ್ಯೇಕ ಸ್ಲೈಡ್ ಇಡಿ. ಕನಿಷ್ಠ 50 ಲಕ್ಷ ಹಾಕುವವರಿಗೆ ಇದು ಮೊದಲೇ ತಿಳಿಯದಿದ್ದರೆ, ಷೇರು ಅತಿ ಅಗ್ಗವಾದ ಹೊತ್ತಿನಲ್ಲೇ ಹಣ ವಾಪಸ್ ಕೇಳುತ್ತಾರೆ, ನೀವು ಕೊಳ್ಳಬೇಕಾದಾಗ ಮಾರಬೇಕಾಗುತ್ತದೆ.