ದುಬೈ ಕೆಲಸ ಬಿಟ್ಟರೆ ಕೊನೆಗೆ ಎಷ್ಟು ಸಿಗುತ್ತದೆ?

ಪ್ರಶ್ನೆ: ತಮ್ಮ ದುಬೈನಲ್ಲಿ 7 ವರ್ಷ ದುಡಿದು ಹಾಸನಕ್ಕೆ ವಾಪಸ್ ಬರುತ್ತಿದ್ದಾನೆ. ಸಂಬಳ 3,500 ದಿರ್ಹಾಮ್, ಬೇಸಿಕ್ 2,000. ಎಷ್ಟು ಸಿಗುತ್ತದೆ? ಇಲ್ಲಿನ ಗ್ರಾಚ್ಯುಟಿ ತರಾನೇನಾ?

ಉತ್ತರ: ಸುಮಾರು 11,000 ದಿರ್ಹಾಮ್. ಲೆಕ್ಕ ಹಾಕುವುದು ಕೊನೆಯ ಬೇಸಿಕ್ ಮೇಲೆ ಮಾತ್ರ, ರೂಮು, ಓಡಾಟದ ಭತ್ಯೆ ಸೇರುವುದಿಲ್ಲ. ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಅಂದರೆ 1,400ರಂತೆ 7,000. ಆಮೇಲಿನ 2 ವರ್ಷಕ್ಕೆ ತಿಂಗಳ ಬೇಸಿಕ್ಕೇ ಪೂರ್ತಿ, 4,000. ಸಂಬಳವಿಲ್ಲದೆ ರಜೆ ಹಾಕಿ ಊರಿಗೆ ಬಂದಿದ್ದ ದಿನಗಳನ್ನು ಕಳೆಯುತ್ತಾರೆ.

ನಮ್ಮಲ್ಲಿ ಕಾಯಂ ನೌಕರನಿಗೆ ಸಾಮಾನ್ಯವಾಗಿ 5 ವರ್ಷ ತುಂಬಬೇಕು, ಅಲ್ಲಿ ಒಂದೇ ವರ್ಷ ಸಾಕು. ನಮ್ಮಲ್ಲಿ ತಿಂಗಳಿಗೆ 26 ದಿನ ಹಿಡಿದು, ವರ್ಷಕ್ಕೆ 15 ದಿನದ ವೇತನ ಕೊಡುತ್ತಾರೆ.

ದುಬೈನಲ್ಲಿ ಕೆಲಸ ಮುಗಿದ 14 ದಿನದೊಳಗೆ ಬಾಕಿಯನ್ನು ಕೊಡಬೇಕು. ದುಡ್ಡು ಖಾತೆಗೆ ಬೀಳುವ ಮುಂಚೆ ‘ಪೂರ್ತಿ ಮುಟ್ಟಿದೆ’ ಅನ್ನುವ ಕಾಗದಕ್ಕೆ ಸಹಿ ಮಾತ್ರ ಹಾಕಬೇಡ ಅನ್ನಿ.