‘ಯಾಕ್ರಿ ಇಷ್ಟು ರೇಟು?’: ಕೈಕಸೂತಿ ಸೀರೆಯ ಬೆಲೆ ಹೇಳುವ ಮಾತು

ಬೆಲೆ ಹೇಳುವ ಮಾತಿನ ಬಗ್ಗೆ ನಮ್ಮ ಬಳಿ ಸಲಹೆ ಕೇಳಿ ಬಂದವರು ಧಾರವಾಡ ಸೀಮೆಯ ಮಹಿಳೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇವೆ. ಕೈಮಗ್ಗದ ಇಳಕಲ್ ಸೀರೆ ತರಿಸಿ, ಸೆರಗಿಗೂ ಒಡಲಿಗೂ ಕೈಯಿಂದ ಕಸೂತಿ ಹಾಕಿ ಮಾರುತ್ತಾರೆ. ಕೆಲಸಕ್ಕೆ ಜೊತೆಯಲ್ಲಿ ಇನ್ನಿಬ್ಬರಿದ್ದಾರೆ. ಸೀರೆಯ ಬೆಲೆ 13,500 ರೂಪಾಯಿ. ವಾಟ್ಸಾಪ್‌ನಲ್ಲಿ ಮಾರಾಟ, ಆಗಾಗ ಪ್ರದರ್ಶನ ಮೇಳದಲ್ಲಿ ಒಂದು ಮಳಿಗೆ. ಬಂದದ್ದು ಒಂದೇ ತೊಂದರೆ ಹೇಳಿಕೊಂಡು: ‘ರೇಟು ಕೇಳಿದ ಕೂಡ್ಲೆ ನಾ ಭಾಳ ಮಾತಾಡ್ತೀನ್ರಿ. ಮಾತು ಮುಗಿಯೂದ್ರಾಗ ಅವರು ಕೇಳದಿದ್ರೂ ಸಾವಿರ ಇಳಿಸಿರ್ತೀನಿ.’

ಫೋಟೋದ ಜೊತೆ ಕಳಿಸುತ್ತಿದ್ದ ಬರಹ ತರಲು ಹೇಳಿದೆವು. ಎರಡು ತಂದರು. ಮೊದಲನೆಯದು ಹೀಗಿತ್ತು: ‘ದಯವಿಟ್ಟು ಚೌಕಾಸಿ ಮಾಡಬೇಡಿ. ಇದು ಮಷಿನ್ ಕೆಲಸ ಅಲ್ಲ. ಕಣ್ಣು ನೋವು, ಬೆನ್ನು ನೋವು ಲೆಕ್ಕಿಸದೆ ಹಗಲಿರುಳು ಕೂತು ಮಾಡಿದ್ದು. ನಮಗೆ ಉಳಿಯುವುದು ಅಷ್ಟಕ್ಕಷ್ಟೆ. ಅರ್ಥ ಮಾಡಿಕೊಳ್ಳುವವರು ಮಾತ್ರ ಸಂಪರ್ಕಿಸಿ.’ ಇದು ಅಳುಮುಂಜಿಯಾಗಿದೆ ಎಂದು ಮನೆಯವರು ತಿದ್ದಿಕೊಟ್ಟ ಎರಡನೆಯದು: ‘ರಾಜವೈಭವದ ಅಪ್ಪಟ ಕಸೂತಿ! ಜಿಐ ಮಾನ್ಯತೆ ಪಡೆದ ಅತ್ಯುತ್ತಮ ಸೀರೆ. ಇಂಥದ್ದು ಬೇರೆಲ್ಲೂ ಸಿಗದು.’

ಒಂದು ಗೋಗರೆಯುತ್ತದೆ, ಇನ್ನೊಂದು ಕೊಚ್ಚಿಕೊಳ್ಳುತ್ತದೆ. ಆದರೆ ಎರಡರ ಕೊರತೆ ಒಂದೇ: ಸೀರೆಯ ಬಗ್ಗೆ ಒಂದು ಸಂಗತಿಯೂ ಇಲ್ಲ. ಯಾವ ಹೊಲಿಗೆ, ಎಲ್ಲೆಲ್ಲಿ ಹಾಕಿದೆ, ಒಡಲು ಹತ್ತಿಯೋ ರೇಷ್ಮೆಯೋ ಎನ್ನುವುದು ತಿಳಿಯುವುದಿಲ್ಲ. ಮೊದಲನೆಯದನ್ನು ಓದಿದ ಗಿರಾಕಿಗೆ, ತಾನಿನ್ನೂ ಬಾಯಿ ಬಿಡುವ ಮೊದಲೇ ತನ್ನ ಮೇಲೆ ಚೌಕಾಸಿಯ ಆರೋಪ ಬಂದಂತೆ ಅನಿಸುತ್ತದೆ. ಎರಡನೆಯದು ಗಿರಾಕಿ ಕೊಡಬೇಕಾದ ತೀರ್ಪನ್ನು ತಾನೇ ಕೊಟ್ಟುಬಿಡುತ್ತದೆ. ‘ಅತ್ಯುತ್ತಮ’ ಎಂದು ಓದಿದವರು ‘ಅದೆಂಗೆ?’ ಎಂದು ಸಂದೇಹದಿಂದಲೇ ಶುರು ಮಾಡುತ್ತಾರೆ.

ಮಾತು ತಿದ್ದುವ ಮೊದಲು ಲೆಕ್ಕ ಬರೆಸಿದೆವು. ಬೆಲೆ ಸರಿಯೋ ಎಂಬ ಅಳುಕು ಮಾರುವವರಲ್ಲೇ ಇದ್ದರೆ ಎಷ್ಟು ಚೆಂದದ ವಾಕ್ಯ ಕೊಟ್ಟರೂ ದನಿ ನಡುಗುತ್ತದೆ. ಇವರು ಬೆಲೆ ಇಟ್ಟದ್ದು ಪಕ್ಕದ ಮಳಿಗೆ ನೋಡಿ. ಬರೆದಾಗ ಬಂದದ್ದು ಇಷ್ಟು: ಸೀರೆಗೆ 4,800, ದಾರಕ್ಕೆ 350, ಕಸೂತಿ 90 ಗಂಟೆ, ಗಂಟೆಗೆ 60ರಂತೆ 5,400, ಫಾಲ್, ಇಸ್ತ್ರಿಗೆ 250, ಪೆಟ್ಟಿಗೆ, ಕೊರಿಯರ್‌ಗೆ 300. ಒಟ್ಟು 11,100. ಉಳಿಯುವ 2,400ರಲ್ಲೇ ಮಳಿಗೆ ಬಾಡಿಗೆ, ಓಡಾಟ, ವರ್ಷವಾದರೂ ಮಾರಾಟವಾಗದೆ ಕೂತ ಸೀರೆಯ ಬಡ್ಡಿ ಎಲ್ಲ ಹೋಗಬೇಕು. ಬಾಯಿಮಾತಿಗೆ ಇಳಿಸುತ್ತಿದ್ದ ಸಾವಿರ ಅದರಲ್ಲಿ ಹತ್ತಿರಹತ್ತಿರ ಅರ್ಧ. ಇದನ್ನು ಕಂಡ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂದ್ರ ನಾ ಕಡಿಮಿ ಮಾಡಿದ್ದು ಆ ಇಬ್ರು ಹುಡುಗ್ಯಾರ ಕೂಲಿ’ ಎಂದರು.

ಈ ಹಾಳೆ ಗಿರಾಕಿಗೆ ತೋರಿಸಲಿಕ್ಕಲ್ಲ. ಖರ್ಚಿನ ಪಟ್ಟಿ ಬಿಚ್ಚಿಟ್ಟರೆ ನಂಬಿಕೆ ಬರುತ್ತದೆ ಎಂದು ಹಲವರು ಹೇಳುತ್ತಾರೆ. ಸಂಸ್ಥೆಯೊಂದು 50 ಸೀರೆಗೆ ಆರ್ಡರ್ ಕೊಡುವಾಗ ಅದು ನಿಜ. ಒಂದು ಸೀರೆ ಕೊಳ್ಳುವವರ ಮುಂದೆ ಪಟ್ಟಿ ಇಟ್ಟರೆ ಸಾಲುಸಾಲಿಗೂ ಚೌಕಾಸಿ ನಡೆಯುತ್ತದೆ: ‘ಪೆಟ್ಟಿಗೆ ಬ್ಯಾಡ, ಅದರ ರೊಕ್ಕ ಬಿಡ್ರಿ’, ‘ನಾನ ಬಂದು ಒಯ್ತೀನಿ, ಕೊರಿಯರ್ ತೆಗೀರಿ.’ ಆ ಹಾಳೆ ಮಾರುವವರ ಧೈರ್ಯಕ್ಕೆ. ಗಿರಾಕಿಗೆ ಬೇಕಾದದ್ದು ಬೇರೆ: ತಾನು ಕೊಟ್ಟ ದುಡ್ಡಿಗೆ ತನ್ನ ಕೈಗೆ ಏನು ಬರುತ್ತದೆ ಎಂಬುದು.

ಆದ್ದರಿಂದ ಒಂದೇ ಪರೀಕ್ಷೆ ಇಟ್ಟುಕೊಂಡೆವು. ಬರೆದ ವಾಕ್ಯವನ್ನು ಗಿರಾಕಿ ಸೀರೆ ಕೈಯಲ್ಲಿ ಹಿಡಿದು ತಾನೇ ಪರೀಕ್ಷಿಸಬಹುದೆ? ಹೌದಾದರೆ ಇರಲಿ, ಇಲ್ಲದಿದ್ದರೆ ತೆಗೆಯಿರಿ. ಬೆನ್ನು ನೋವು, ‘ರಾಜವೈಭವ’ ಅಲ್ಲಿಗೇ ಹೋದವು. ‘ಜಿಐ ಮಾನ್ಯತೆ’ ಕೂಡ ಹೋಯಿತು. ಇಳಕಲ್ ಸೀರೆಗೂ ಕಸೂತಿಗೂ ಜಿಐ, ಅಂದರೆ ಭೌಗೋಳಿಕ ಗುರುತು ಇರುವುದು ನಿಜ. ಆದರೆ 1999ರ ಕಾಯ್ದೆಯ ಪ್ರಕಾರ ಅದನ್ನು ತಮ್ಮ ಸರಕಿನ ಮೇಲೆ ಬಳಸುವವರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು. ಇವರು ನೋಂದಾಯಿಸಿಕೊಂಡಿರಲಿಲ್ಲ. ‘ಪ್ರಮಾಣಪತ್ರ ತೋರ್ಸ್ರಿ’ ಎಂದು ಯಾರಾದರೂ ಕೇಳಿದ್ದರೆ ಉಳಿದ ನಿಜಗಳೂ ಸುಳ್ಳಿನ ಲೆಕ್ಕಕ್ಕೆ ಸೇರುತ್ತಿದ್ದವು.

ಉಳಿದದ್ದೇನು? ಬಲವಾದದ್ದೇ ಉಳಿಯಿತು. ಕಸೂತಿಗೆ ಗೆರೆ ಎಳೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ. ಗಾವಂತಿ ಎಂಬ ಹೊಲಿಗೆಯಲ್ಲಿ ಸೂಜಿ ಒಮ್ಮೆ ಹೋಗಿ, ಬಿಟ್ಟ ಜಾಗ ತುಂಬುತ್ತ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಅದರಿಂದ ಬಟ್ಟೆಯ ಎರಡೂ ಮಗ್ಗುಲಲ್ಲಿ ಚಿತ್ರ ಒಂದೇ ರೀತಿ ಕಾಣುತ್ತದೆ, ದಾರಕ್ಕೆ ಗಂಟು ಇರುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಮುರ್ಗಿಯೂ ಹಾಗೆಯೇ. ಮಷಿನ್ ಕಸೂತಿಯ ಹಿಂಬದಿಯಲ್ಲಿ ಬಾಬಿನ್ ದಾರ, ಚಿತ್ರದಿಂದ ಚಿತ್ರಕ್ಕೆ ಹಾರಿದ ಎಳೆ, ಕೆಲವೊಮ್ಮೆ ಅಂಟಿಕೊಂಡ ಕಾಗದದ ಪದರವೂ ಕಾಣುತ್ತದೆ. ಬೆಲೆಯ ಕಾರಣವೆಲ್ಲ ಸೀರೆಯ ಉಲ್ಟಾ ಮಗ್ಗುಲಲ್ಲೇ ಇದೆ. ಇಷ್ಟು ದಿನ ಇವರು ಅದರ ಒಂದು ಫೋಟೋವನ್ನೂ ಹಾಕಿರಲಿಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. ಎಲ್ಲ ಹೊಲಿಗೆಯೂ ಎರಡು ಕಡೆ ಒಂದೇ ಆಗಿರುವುದಿಲ್ಲ. ನೇಯ್ಗೆಯಂತೆ ಕಾಣುವ ನೇಗಿ, ಒಂದನ್ನೊಂದು ಕತ್ತರಿಸುವ ಓರೆ ಗೆರೆ ಹಾಕಿ ತುಂಬುವ ಮೆಂತಿ, ಇವೆರಡರ ಹಿಂಬದಿ ಬೇರೆ ಇರುತ್ತದೆ. ಈ ಸೀರೆಯ ಆನೆಯ ಮೈಗೆ ಮೆಂತಿ ಇತ್ತು. ‘ಎರಡೂ ಕಡೆ ಒಂದೇ’ ಎಂದು ಸಾರಾಸಗಟಾಗಿ ಬರೆದಿದ್ದರೆ, ಆನೆಯನ್ನು ತಿರುಗಿಸಿ ನೋಡಿದವರು ಮೋಸವೆಂದೇ ಹೇಳುತ್ತಿದ್ದರು.

ಮೊದಲ ಕರಡು ಮತ್ತೊಂದು ದಿಕ್ಕಿಗೆ ಹೊರಳಿತು. ನಾಲ್ಕೂ ಹೊಲಿಗೆಯ ಹೆಸರು, ತೋಪು ತೆನಿ ಸೆರಗಿನ ವಿವರಣೆ, ಒಡಲಿಗೆ ಸೆರಗು ಜೋಡಿಸುವ ಕೊಂಡಿ ಹಾಕುವ ವಿಧಾನ, ಎಲ್ಲ ಸೇರಿ ಪಾಠದಂತೆ ಆಯಿತು. ಹೆಚ್ಚು ವಿವರಿಸುವುದೂ ಒಂದು ಬಗೆಯ ಅಂಜಿಕೆಯೇ. ಕಾರಣ ಕೊಟ್ಟಷ್ಟೂ ಸಾಲದು ಎನ್ನುವ ಭಾವ ಅದು. ಎರಡು ಕಾರಣ ಸಾಕು ಎಂದು ಕತ್ತರಿಸಿದೆವು. ಕೊನೆಗೆ ನಿಂತದ್ದು ಇದು:

‘ಕೈಮಗ್ಗದ ಇಳಕಲ್ ಸೀರೆ, ಹತ್ತಿ ಒಡಲು, ರೇಷ್ಮೆ ಸೆರಗು. ಸೆರಗಿನಲ್ಲಿ ಗೋಪುರ, ತೇರು, ಆನೆ. ಒಡಲಿನಲ್ಲಿ ಚಿಕ್ಕ ಬುಟ್ಟಾ. ಕಸೂತಿಯನ್ನು ಎಳೆ ಎಣಿಸಿ ಕೈಯಿಂದ ಹಾಕಿದೆ, ಸುಮಾರು 90 ಗಂಟೆಯ ಕೆಲಸ. ಗೋಪುರ ಮತ್ತು ತೇರಿನ ಗೆರೆ ಹಿಂಬದಿಯಲ್ಲೂ ಇದೇ ರೀತಿ ಕಾಣುತ್ತದೆ (ಮೂರನೇ ಫೋಟೋ). ಆನೆಯ ಮೈ ತುಂಬು ಹೊಲಿಗೆ, ಅದರ ಹಿಂಬದಿ ಬೇರೆ. ಮೊದಲ ಒಗೆತದಲ್ಲಿ ಕೆಂಪು ಬಣ್ಣ ಸ್ವಲ್ಪ ಬಿಡಬಹುದು. ತಣ್ಣೀರಲ್ಲಿ ಬೇರೆಯಾಗಿ ಒಗೆಯಿರಿ. ಬೆಲೆ 13,500 ರೂಪಾಯಿ, ಕೊರಿಯರ್ ಸೇರಿ.’

ಗಂಟೆಯ ಲೆಕ್ಕ ಉಳಿಸಬೇಕೆ ಎಂಬ ಬಗ್ಗೆ ಚರ್ಚೆ ಆಯಿತು. ‘90 ಗಂಟೆ ದುಡಿದೆವು’ ಎಂದರೆ ಅದು ಮಾರುವವರ ಕಷ್ಟ. ಅದೇ ಸಂಖ್ಯೆ ‘ಎಳೆ ಎಣಿಸಿ’ ಎನ್ನುವುದರ ಬೆನ್ನಿಗೆ, ಹಿಂಬದಿಯ ಫೋಟೋದ ಮುಂಚೆ ಬಂದರೆ ಸೀರೆಯ ಗುಣವಾಗಿ ಓದಿಸಿಕೊಳ್ಳುತ್ತದೆ. ಸಂಖ್ಯೆ ಮಾತ್ರ ನೋಟ್‌ಬುಕ್ಕಿನಲ್ಲಿ ದಿನದಿನಕ್ಕೆ ಬರೆದಿಟ್ಟದ್ದಾಗಿರಬೇಕು. ‘300 ಗಂಟೆ’ ಎಂದು ಉಬ್ಬಿಸಿದರೆ, ಕಸೂತಿ ಗೊತ್ತಿರುವ ಯಾವ ಅಜ್ಜಿಯಾದರೂ ಬುಟ್ಟಾ ಎಣಿಸಿ ಹಿಡಿದುಬಿಡುತ್ತಾಳೆ. ಬಣ್ಣ ಬಿಡುವ ಮಾತನ್ನು ತೆಗೆಯೋಣ ಎಂದು ಅವರು ಪಟ್ಟು ಹಿಡಿದರು. ನಾವು ಬಿಡಲಿಲ್ಲ. ಕುಂದನ್ನೂ ಹೇಳಿದ ಬರಹದಲ್ಲಿ ಉಳಿದ ಮಾತು ಜಂಬವೆನಿಸುವುದಿಲ್ಲ, ಮೇಲಾಗಿ ಒಗೆದ ಮೇಲೆ ಬರುವ ತಕರಾರು ತಪ್ಪುತ್ತದೆ.

ಬರಹಕ್ಕಿಂತ ಕಷ್ಟವಾದದ್ದು ಮಳಿಗೆಯ ಎದುರುಬದುರು ಮಾತು. ಅಲ್ಲಿ ಅಭ್ಯಾಸ ಮಾಡಿಸಿದ್ದು ಬೆಲೆಯ ನಂತರದ ಮೌನ. ‘ಎಷ್ಟ್ರಿ ಇದಕ್ಕ?’ ಎಂದರೆ ‘ಹದಿಮೂರೂವರೆ ಸಾವಿರ ರೀ. ಉಲ್ಟಾ ಮಾಡಿ ನೋಡ್ರಿ’ ಎಂದು ಸೆರಗನ್ನು ಅವರ ಕೈಗೆ ಕೊಟ್ಟು ಸುಮ್ಮನಿರುವುದು. ಇವರಿಗೆ ಎರಡು ಉಸಿರಿನಷ್ಟೂ ತಡೆಯಲಾಗುತ್ತಿರಲಿಲ್ಲ, ‘ಅಂದ್ರ ಏನಪಾ ಅಂದ್ರ...’ ಎಂದು ಶುರುವಾಗುತ್ತಿತ್ತು. ಗಿರಾಕಿ ಸುಮ್ಮನಿರುವುದು ಆಕ್ಷೇಪವಲ್ಲ, ಹೆಚ್ಚಿನ ಸಲ ನೋಡುತ್ತಿರುತ್ತಾರೆ ಅಷ್ಟೆ. ಕೈಗೆ ಕೆಲಸ ಕೊಟ್ಟರೆ ಬಾಯಿ ತಡೆಯುತ್ತದೆ ಎಂದು, ಆ ಹೊತ್ತಿನಲ್ಲಿ ಪಕ್ಕದ ಸೀರೆ ಮಡಿಸಲು ಹೇಳಿದೆವು.

‘ಅಲ್ಲಿ ಮೂರ ಸಾವಿರಕ್ಕ ಇಂಥಾದ್ದ ಸಿಗತದಲ್ರಿ’ ಎನ್ನುವುದಕ್ಕೆ ಹಳೆಯ ಉತ್ತರ ‘ಅವು ಎಲ್ಲಾ ಡುಪ್ಲಿಕೇಟ್ ರೀ’. ಮೂರು ಸಾವಿರದ ಸೀರೆ ಆ ಗಿರಾಕಿಯ ಮನೆಯಲ್ಲೇ ಇರಬಹುದು. ಅದನ್ನು ಹಳಿದರೆ ಅವರನ್ನೇ ಹಳಿದಂತೆ. ಹೊಸ ಉತ್ತರ: ‘ಹೌದ್ರಿ ಅಕ್ಕಾರ, ಅದು ಮಷಿನ್ ಕಸೂತಿ ಇರಬೇಕು. ದಿನಾ ಉಡಾಕ ಅದೂ ಚಲೋನ. ಇದು ಕೈಲೆ ಹಾಕಿದ್ದು. ಎರಡನ್ನೂ ಹಿಂದ ತಿರುವಿ ನೋಡ್ರಿ, ಫರಕ್ ಕಾಣತದ.’

‘ಕಡಿಮಿ ಮಾಡ್ರಿ’ ಎಂದವರಿಗೆ ಬೆಲೆ ಇಳಿಸಬೇಡಿ, ಕೆಲಸ ಇಳಿಸಿ ಎಂದೆವು. ಒಡಲಿನ ಬುಟ್ಟಾ ಬಿಟ್ಟು ಸೆರಗಿಗಷ್ಟೇ ಕಸೂತಿ ಹಾಕಿದರೆ 35 ಗಂಟೆ, ಖರ್ಚು 7,600, ಮಾರುವ ಬೆಲೆ 9,200. ಅಂಥದ್ದೊಂದು ಸೀರೆ ಸದಾ ಪಕ್ಕದಲ್ಲಿರಲಿ. ‘ಇದಕ್ಕ ಇಷ್ಟ ರೀ. ಒಂಬತ್ತ ಸಾವಿರದ ಆಸುಪಾಸು ಬೇಕಂದ್ರ ಸೆರಗಿನ ಕಸೂತಿದು ಅದ, ತೋರಸ್ಲೇನು?’ ಸಾವಿರ ಸುಮ್ಮನೆ ಬಿಟ್ಟರೆ ಮೊದಲು ಹೇಳಿದ ಬೆಲೆಯೇ ಸುಳ್ಳಾಗಿತ್ತು ಎಂದಂತಾಗುತ್ತದೆ. ಬೆಲೆಯೂ ಕೆಲಸವೂ ಒಟ್ಟಿಗೆ ಇಳಿದರೆ ಆ ಅನುಮಾನಕ್ಕೆ ಎಡೆಯಿಲ್ಲ. ಈ ಉತ್ತರ ಬೀಗರು, ಗೆಳತಿಯರ ಹತ್ತಿರ ಸಾಗುವುದಿಲ್ಲ ಎಂದು ಅವರೇ ಹೇಳಿದರು, ನಾವೂ ಒಪ್ಪಿದೆವು. ಹತ್ತಿರದವರಿಗೆ ಕೊಡಲೇಬೇಕಾದರೆ ಬ್ಲೌಸ್ ಕಣಕ್ಕೆ ಒಂದು ಚಿಕ್ಕ ಕಸೂತಿ ಉಡುಗೊರೆಯಾಗಿ ಹೋಗಲಿ, ಬಿಲ್ಲಿನ ಅಂಕಿ ಹಾಗೇ ಇರಲಿ.

ಕೊನೆಯ ಭೇಟಿಗೆ ಅವರು ತಂದ ಪ್ರಶ್ನೆ ಹಳೆಯ ಗಿರಾಕಿಯದು: ‘ಹ್ವಾದ ವರ್ಷ ಹನ್ನೊಂದ ಸಾವಿರಕ್ಕ ಕೊಟ್ಟಿದ್ರಿ, ಈಗ ಯಾಕ ಹೆಚ್ಚಿಗಿ?’ ಇಲ್ಲಿ ಸೀರೆಯ ಗುಣ ಹೇಳಿದರೆ ಪ್ರಯೋಜನವಿಲ್ಲ, ಅದು ಅವರಿಗೆ ಗೊತ್ತು. ‘ಎಲ್ಲಾ ತುಟ್ಟಿ ಆಗೇದ್ರಿ’ ಎಂಬ ಮಾತು ನೆಪದಂತೆ ಕೇಳುತ್ತದೆ. ಬದಲಾದದ್ದನ್ನಷ್ಟೇ ಹೇಳಿ ಎಂದೆವು: ‘ಹೌದ್ರಿ, ಹನ್ನೊಂದಕ್ಕ ಕೊಟ್ಟಿದ್ದೆ. ಆವಾಗ ಕೂಲಿ ಸರಿಯಾಗಿ ಲೆಕ್ಕಾ ಹಿಡಿದಿರಲಿಲ್ಲ, ಈ ವರ್ಷದಿಂದ ಗಂಟೆ ಲೆಕ್ಕದಾಗ ಕೊಡಾಕತ್ತೀನಿ. ಹಿಂಗಾಗಿ ಹದಿಮೂರೂವರೆ.’ ಇದರ ಮೇಲೆ ಕ್ಷಮೆ ಕೇಳುವ ಒಂದು ಮಾತೂ ಸೇರಿಸಬೇಡಿ, ಮುಂದಿನ ಮಾತು ಅವರದಾಗಲಿ ಎಂದು ಹೇಳಿ ಕಳಿಸಿದೆವು.