ತಂಗಿಗಿಂತ ಕುಳ್ಳಗಿರುವ ಅಣ್ಣ

“ಮಗನಿಗೆ 13 ವರ್ಷ, ಮಗಳಿಗೆ 12. ಈಗ ಅವಳೇ ಅವನಿಗಿಂತ ಎತ್ತರ. ಅವನು ಕುಳ್ಳಗೇ ಉಳಿದುಬಿಡುತ್ತಾನೆಯೇ?”

ಇದು ಬಹುಮಟ್ಟಿಗೆ ಕಾಲದ ವ್ಯತ್ಯಾಸವಷ್ಟೆ. ಹುಡುಗಿಯರ ಬೆಳವಣಿಗೆ 12ರ ಆಸುಪಾಸಿನಲ್ಲಿ ಅತಿ ವೇಗವಾಗಿದ್ದರೆ, ಹುಡುಗರಲ್ಲಿ ಆ ವೇಗ ಸುಮಾರು 14ಕ್ಕೆ ಬರುತ್ತದೆ. ತಡವಾಗಿ ಆರಂಭವಾಗುವುದರಿಂದ ಸಿಗುವ ಆ ಎರಡು ವರ್ಷಗಳ ಬೆಳವಣಿಗೆಯೇ ಗಂಡಸರು ಸರಾಸರಿಯಲ್ಲಿ ಹೆಚ್ಚು ಎತ್ತರವಾಗಲು ಒಂದು ಮುಖ್ಯ ಕಾರಣ.

ಮೊದಲು ಮಗನನ್ನು ಬರಿಗಾಲಿನಲ್ಲಿ, ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿಸಿ ಬೆಳಿಗ್ಗೆ ಅಳೆಯಿರಿ. ಸಂಜೆಯ ಹೊತ್ತಿಗೆ ಎಲ್ಲರೂ ತುಸು ಕುಗ್ಗಿರುತ್ತಾರೆ. ಆರು ತಿಂಗಳ ಬಳಿಕ ಅದೇ ಹೊತ್ತಿನಲ್ಲಿ ಮತ್ತೆ ಅಳೆದಾಗ 2.5 ಸೆಂ.ಮೀ. ಹೆಚ್ಚಿದ್ದರೆ, ಅಂದರೆ ವರ್ಷಕ್ಕೆ 5 ಸೆಂ.ಮೀ. ಆದರೆ, ಆ ವೇಗದ ಬೆಳವಣಿಗೆ ಇನ್ನೂ ಶುರುವಾಗದ ಹುಡುಗನಿಗೆ ಅದು ಸಹಜವೇ.

ಅನಂತರ, ದೊಡ್ಡವನಾದಾಗ ಅವನ ಎತ್ತರ ಎಷ್ಟಿರಬಹುದೆಂದು ಅಂದಾಜಿಸಲು, ತಂದೆತಾಯಿಯರ ಎತ್ತರಗಳ ಮೊತ್ತಕ್ಕೆ 13 ಸೇರಿಸಿ ಎರಡರಿಂದ ಭಾಗಿಸಿ. ತಂದೆ 170, ತಾಯಿ 157 ಸೆಂ.ಮೀ. ಇದ್ದರೆ ಉತ್ತರ 170. ಆದರೆ ಇದು ಸ್ಥೂಲ ಅಂದಾಜು, 8 ಸೆಂ.ಮೀ.ಯಷ್ಟು ಆಚೀಚೆ ಆಗುವುದು ಸಾಮಾನ್ಯ.

ವರ್ಷದ ಬೆಳವಣಿಗೆ 4 ಸೆಂ.ಮೀ.ಗಿಂತ ಕಡಿಮೆಯಿದ್ದರೆ, ಅಥವಾ 14 ತುಂಬಿದರೂ ಪ್ರೌಢಾವಸ್ಥೆಯ ಲಕ್ಷಣಗಳು ಕಾಣದಿದ್ದರೆ, ಮಕ್ಕಳ ವೈದ್ಯರಿಗೆ ತೋರಿಸಿ. ಅವರು ಎಡಗೈಯ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸನ್ನು, ಅಂದರೆ ಮೂಳೆ ಎಷ್ಟು ವರ್ಷದವರಷ್ಟು ಬಲಿತಿದೆ ಎಂಬುದನ್ನು ನೋಡಬಹುದು. ಅದು 11 ಎಂದು ಬಂದರೆ, ಓರಗೆಯವರ ಬೆಳವಣಿಗೆ ನಿಂತ ಮೇಲೂ ಅವನು ಬೆಳೆಯುತ್ತಿರುವ ಸಾಧ್ಯತೆ ಹೆಚ್ಚು.